ರೆಗ್ಯುಲೇಟರ್ ಹತ್ತಿರ ಗ್ಯಾಸ್ ವಾಸನೆ: ನನ್ನ ಅನುಭವ

ಹೊಸ ಸಿಲಿಂಡರ್ ಜೋಡಿಸಿದ ಮೇಲೆ, ಒಲೆ ಆರಿಸಿದ್ದರೂ ನೆಲದ ಹತ್ತಿರ ವಾಸನೆ ಬರುತ್ತಿತ್ತು. ರೆಗ್ಯುಲೇಟರ್ ಆಫ್ ಮಾಡಿದರೆ ನಿಲ್ಲುತ್ತಿತ್ತು.

ರಬ್ಬರ್ ಟ್ಯೂಬ್ ಬದಲಿಸಿದೆ, ಒಲೆಯ ನಾಬ್‌ಗಳನ್ನು ಸರ್ವೀಸ್ ಮಾಡಿಸಿದೆ. ವಾಸನೆ ಹೋಗಲಿಲ್ಲ.

ಕೊನೆಗೆ ಸೋಪಿನ ನೀರು ಜಾಗ ತೋರಿಸಿತು. ಕಿಟಕಿ, ಬಾಗಿಲು ತೆರೆದೆ. ಒಲೆಯ ನಾಬ್‌ಗಳೆಲ್ಲ ಆಫ್, ರೆಗ್ಯುಲೇಟರ್ ಮಾತ್ರ ಆನ್. ನೊರೆಯನ್ನು ಮೊದಲು ಟ್ಯೂಬಿನ ಎರಡೂ ತುದಿಗೆ, ಆಮೇಲೆ ರೆಗ್ಯುಲೇಟರ್ ಸಿಲಿಂಡರಿನ ವಾಲ್ವ್ ಮೇಲೆ ಕೂರುವ ಜಾಗದ ಸುತ್ತಲೂ ಹಚ್ಚಿದೆ. ಅಲ್ಲೇ ಗುಳ್ಳೆ ಎದ್ದು ದೊಡ್ಡದಾಗುತ್ತಾ ಹೋಯಿತು. ಆಫ್ ಮಾಡಿದ ತಕ್ಷಣ ನಿಂತಿತು. ಅಂದರೆ ಸೋರಿಕೆ ವಾಲ್ವ್ ಬಾಯೊಳಗಿನ ಕಪ್ಪು ರಬ್ಬರ್ ವಾಷರ್‌ನದ್ದೋ ರೆಗ್ಯುಲೇಟರ್‌ನದ್ದೋ ಇರಬೇಕು. ಆಫ್ ಇದ್ದಾಗಲೂ ಗುಳ್ಳೆ ಬಂದರೆ ವಾಲ್ವ್ ಪಿನ್ನೇ ಸೋರುತ್ತಿದೆ. ಅದು ಜಾಸ್ತಿ ಅಪಾಯ.

ರೆಗ್ಯುಲೇಟರ್ ತೆಗೆದು, ಸೇಫ್ಟಿ ಕ್ಯಾಪ್ ಬಿಗಿಯಾಗಿ ಒತ್ತಿ ಕೂರಿಸಿ, ಏಜೆನ್ಸಿಗೆ ಫೋನ್ ಮಾಡಿದೆ. ಮೆಕ್ಯಾನಿಕ್ ನೋಡಿದಾಗ ವಾಷರ್ ಸೀಳಿತ್ತು. ಅದನ್ನು ಬದಲಿಸಿ ಮತ್ತೆ ನೊರೆ ಹಚ್ಚಿದರು, ಗುಳ್ಳೆ ಬರಲಿಲ್ಲ. ವಾಷರ್ ಅನ್ನು ನೀವೇ ಕೀಳಬೇಡಿ.

ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕಲೇಬೇಡಿ. ವಾಸನೆ ಜೋರಾಗಿದ್ದರೆ ಈ ಪರೀಕ್ಷೆಯೂ ಬೇಡ: ರೆಗ್ಯುಲೇಟರ್ ಆಫ್ ಮಾಡಿ, ಲೈಟ್ ಸ್ವಿಚ್ ಮುಟ್ಟದೆ ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಿ.