ಭಾನುವಾರ ಬೇಯಿಸಿದ ಬೇಳೆ, ಶುಕ್ರವಾರದ ಊಟಕ್ಕೆ

ಕಲಬುರಗಿಯಲ್ಲಿ ನಾವಿಬ್ಬರೂ ಬೆಳಗ್ಗೆ ಎಂಟೂವರೆಗೆ ಕೆಲಸಕ್ಕೆ ಹೊರಡುವವರಾದ್ದರಿಂದ, ನಾಲ್ವರ ಮನೆಯ ಐದು ದಿನದ ಅಡುಗೆಯ ಮುಖ್ಯ ಭಾಗವನ್ನು ನಾನು ಭಾನುವಾರ ಸಂಜೆಯೇ ಮುಗಿಸುತ್ತೇನೆ. ಬೇಯಿಸಿದ ಪದಾರ್ಥ ಫ್ರಿಜ್‌ನಲ್ಲಿ ಮೂರು ದಿನ, ಹೆಚ್ಚೆಂದರೆ ನಾಲ್ಕು ದಿನ ಇರುತ್ತದೆ. ಹೀಗಾಗಿ ಬುಧವಾರದವರೆಗಿನದು ಫ್ರಿಜ್‌ಗೆ, ಗುರುವಾರ ಮತ್ತು ಶುಕ್ರವಾರದ್ದು ಫ್ರೀಜರ್‌ಗೆ ಹೋಗುತ್ತದೆ.

ಅರ್ಧ ಕಿಲೋ ತೊಗರಿ ಬೇಳೆಯನ್ನು ಅರಿಸಿನ ಹಾಕಿ, ಹುಣಸೆ, ಒಗ್ಗರಣೆ ಯಾವುದೂ ಇಲ್ಲದೆ ಗಟ್ಟಿಯಾಗಿ ಬೇಯಿಸಿ ಕಡೆಯುತ್ತೇನೆ. ನಮ್ಮ ಊರಿನ ಬೇಸಿಗೆಯಲ್ಲಿ ಬೇಳೆ ತಾನಾಗಿ ಆರಲಿ ಎಂದು ಒಲೆಯ ಮೇಲೆಯೇ ಬಿಟ್ಟರೆ ರಾತ್ರಿಯೊಳಗೆ ಹುಳಿವಾಸನೆ ಬರುತ್ತದೆ. ಅದಕ್ಕಾಗಿ ಅಗಲವಾದ ಪಾತ್ರೆಗೆ ಎರಡು ಬೆರಳು ಎತ್ತರ ಮಾತ್ರ ಸುರಿದು, ಅದನ್ನು ತಣ್ಣೀರಿನ ಪರಾತದಲ್ಲಿಟ್ಟು ಕೈಯಾಡಿಸಿ, ಒಂದು ಗಂಟೆಯೊಳಗೆ ಐದು ಡಬ್ಬಿಗಳಿಗೆ ತುಂಬುತ್ತೇನೆ. ಹೆಪ್ಪುಗಟ್ಟುವಾಗ ನೀರು ಹಿಗ್ಗುವುದರಿಂದ ಫ್ರೀಜರಿನ ಡಬ್ಬಿಗಳಲ್ಲಿ ಮೇಲೆ ಒಂದು ಬೆರಳು ಜಾಗ ಬಿಡುತ್ತೇನೆ. ಗುರುವಾರದ ಡಬ್ಬಿಯನ್ನು ಬುಧವಾರ ರಾತ್ರಿ ಫ್ರಿಜ್‌ಗೆ ಇಳಿಸಿ, ಬೆಳಗ್ಗೆ ಚೆನ್ನಾಗಿ ಕುದಿಸಿ, ಆಗಷ್ಟೇ ಉಪ್ಪು, ಹುಣಸೆ, ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತೇನೆ.

ಮೊದಲ ತಿಂಗಳು ನಾನು ಎಣ್ಣೆಗಾಯಿಯನ್ನೂ ಆಲೂಗಡ್ಡೆ ಹಾಕಿದ ಸಾರನ್ನೂ ಫ್ರೀಜರ್‌ನಲ್ಲಿಟ್ಟಿದ್ದೆ. ಕರಗಿದ ಮೇಲೆ ಬದನೆಕಾಯಿ ಕೈಯಲ್ಲೇ ಜಾರಿ ಮಸಾಲೆ ನೀರಾಯಿತು. ಆಲೂಗಡ್ಡೆ ಸ್ಪಂಜಿನಂತಾಗಿ, ಕಡಿದರೆ ನೀರು ಬಿಟ್ಟಿತು. ಒಳಗಿನ ನೀರು ಮಂಜುಗಡ್ಡೆಯಾಗಿ ತರಕಾರಿಯ ಜೀವಕೋಶಗಳನ್ನು ಒಡೆಯುವುದರಿಂದ, ಆಕಾರವೇ ರುಚಿಯಾಗಿರುವ ಪದಾರ್ಥ ಫ್ರೀಜರಿನಲ್ಲಿ ಕೆಡುತ್ತದೆ, ಮೊದಲೇ ಕಡೆದು ಮೆತ್ತಗಾದದ್ದು ಉಳಿಯುತ್ತದೆ. ಬೇಳೆ ಬೆರೆಸಿ ಕಡೆದ ಪುಂಡಿ ಪಲ್ಯವೂ ಬೇಯಿಸಿದ ಮಡಕಿ ಕಾಳೂ ಎರಡು ತಿಂಗಳಿಟ್ಟರೂ ನನಗೆ ಮೋಸ ಮಾಡಿಲ್ಲ. ಎಣ್ಣೆಗಾಯಿಯನ್ನು ಈಗ ಭಾನುವಾರ ಮಾಡಿದರೆ ಮಂಗಳವಾರದೊಳಗೆ ಮುಗಿಸುತ್ತೇವೆ. ಮೊಸರು ಒಡೆದು ನೀರು ಬೇರೆಯಾಗುತ್ತದೆ, ಬೇಯಿಸಿದ ಮೊಟ್ಟೆಯ ಬಿಳಿಭಾಗ ರಬ್ಬರಿನಂತಾಗುತ್ತದೆ, ಸೌತೆಕಾಯಿ ಕೋಸಂಬರಿ ಸೊರಗುತ್ತದೆ. ಈ ಮೂರನ್ನೂ ಫ್ರೀಜರ್‌ಗೆ ಎಂದಿಗೂ ಹಾಕಬಾರದು.

ಅನ್ನವನ್ನು ಮಾತ್ರ ದಿನವೂ ಬೇಯಿಸುತ್ತೇನೆ, ಏಕೆಂದರೆ ಹೊರಗೆ ಉಳಿದ ಅನ್ನದಲ್ಲಿ ಬೆಳೆಯುವ ಸೂಕ್ಷ್ಮಜೀವಿಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಗೆ ತೇವ ತಾಗದ ಡಬ್ಬಿ ಸಾಕು. ಹಿಂಡಿಗೆ ಹಸಿ ಚಮಚ ಹಾಕದಂತೆ ಮಕ್ಕಳಿಗೆ ಹೇಳಿಟ್ಟಿದ್ದೇನೆ.

ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್‌ನ ತಂಪು ಸುಮಾರು ನಾಲ್ಕು ಗಂಟೆ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಫ್ರಿಜ್‌ನಲ್ಲಿದ್ದ ಬೇಳೆಯನ್ನು ವಾಸನೆ ನೋಡದೆಯೇ ಚೆಲ್ಲುತ್ತೇನೆ. ಫ್ರೀಜರಿನ ಡಬ್ಬಿಯಲ್ಲಿ ಮಂಜುಗಡ್ಡೆ ಇನ್ನೂ ಉಳಿದಿದ್ದರೆ ಮಾತ್ರ ಅದನ್ನು ಅಂದೇ ಕುದಿಸಿ ಊಟಕ್ಕೆ ಬಡಿಸುತ್ತೇನೆ.