286ರಿಂದ 112ಕ್ಕೆ: ಕ್ಲಿನಿಕ್ ವಿಡಿಯೋದಲ್ಲಿ ನಾನು ಮಾಡಿದ ತಪ್ಪು

ನಾನು ಮೈಸೂರಿನಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೋ ಮಾಡುವವನು. ಒಂದು ದಿನ ನಮ್ಮ ಬೀದಿ ಕೊನೆಯ ಕ್ಲಿನಿಕ್‌ನ ಡಾಕ್ಟರಮ್ಮ ಕರೆದು, "ಶುಗರ್ ಇರುವವರಿಗೆ ಪಾದದ ತಪಾಸಣೆ ಶುರು ಮಾಡಿದ್ದೀನಿ. ಯಾರಿಗೂ ಗೊತ್ತೇ ಇಲ್ಲ. ವಾಟ್ಸಾಪ್‌ನಲ್ಲಿ ಕಳಿಸೋಕೆ ಒಂದು ಸಣ್ಣ ವಿಡಿಯೋ ಮಾಡಿಕೊಡ್ತೀರಾ?" ಎಂದರು.

ಅವತ್ತು ರಾತ್ರಿಯೇ ಸ್ಕ್ರಿಪ್ಟ್ ಬರೆದೆ. ಕಪ್ಪಗಾದ ಕಾಲಿನ ಫೋಟೋ, ಆಂಬುಲೆನ್ಸ್ ಸದ್ದು, "ಇವತ್ತು ಸಣ್ಣ ಗಾಯ, ನಾಳೆ ಕಾಲೇ ಇಲ್ಲ!" ಎಂಬ ಮಾತು. ಕೊನೆಯಲ್ಲಿ "ಶುಗರ್‌ಗೆ ಪೂರ್ತಿ ಪರಿಹಾರ". ನನಗಂತೂ ಭರ್ಜರಿಯಾಗಿದೆ ಅನಿಸಿತ್ತು.

ಡಾಕ್ಟರಮ್ಮ ಓದಿ ಪಕ್ಕಕ್ಕಿಟ್ಟರು. "ಕಾಲು ಕತ್ತರಿಸ್ತಾರೆ ಅಂತ ಹೆದರಿದವರು ಗಾಯ ತೋರಿಸೋಕೆ ಬರೋದೇ ಇಲ್ಲ. ಮನೇಲೇ ಅರಿಶಿನ ಹಚ್ಚಿಕೊಂಡು ಕೂತಿರ್ತಾರೆ. ನನ್ನ ಹತ್ತಿರ ತಡವಾಗಿ ಬರೋರೆಲ್ಲ ಅಂಥವರೇ" ಎಂದರು.

"ಪೂರ್ತಿ ಪರಿಹಾರ"ದ ಮಾತಂತೂ ಎತ್ತುವ ಹಾಗೇ ಇರಲಿಲ್ಲ. ಯಾವ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡಬಾರದು ಎಂದು 1954ರ ಕಾಯ್ದೆಯಲ್ಲಿ ಒಂದು ಪಟ್ಟಿ ಇದೆ. ಸಕ್ಕರೆ ಕಾಯಿಲೆ ಆ ಪಟ್ಟಿಯಲ್ಲಿದೆ. ಇನ್ನು ವೈದ್ಯರ ನಡತೆಯ 2002ರ ನಿಯಮಗಳ ಪ್ರಕಾರ, ಡಾಕ್ಟರು ತಮ್ಮ ಕೈಗುಣ, ಸಾಧನೆ ಹೊಗಳಿಕೊಂಡು ರೋಗಿಗಳನ್ನು ಕರೆಯುವ ಹಾಗಿಲ್ಲ. ಹೊಸದಾಗಿ ಏನು ಶುರುವಾಗಿದೆ, ಎಲ್ಲಿ, ಫೀಸು ಎಷ್ಟು ಅಂತ ಸರಳವಾಗಿ ತಿಳಿಸಬಹುದು. ಹಾಗಾಗಿ ಆ ತಪಾಸಣೆ ಹೇಗೆ ನಡೆಯುತ್ತದೆ ಅನ್ನೋದನ್ನಷ್ಟೇ ತೋರಿಸೋಣ ಅಂತ ತೀರ್ಮಾನಿಸಿದೆವು.

ತಪಾಸಣೆ ನೋಡಿದ ಮೇಲೆ ನನ್ನ ಫೋಟೋ, ಸೈರನ್ ಎಲ್ಲ ಸಪ್ಪೆ ಎನಿಸಿದವು. ಒಂದು ಹಿಡಿಗೆ ನೈಲಾನ್ ಎಳೆಯೊಂದು ಸಿಕ್ಕಿಸಿರುತ್ತದೆ. ರೋಗಿ ಕಣ್ಣು ಮುಚ್ಚಿಕೊಳ್ಳಬೇಕು. ಡಾಕ್ಟರು ಎಳೆಯನ್ನು ಪಾದದ ಒಂದೊಂದು ಜಾಗಕ್ಕೆ ಒತ್ತುತ್ತಾರೆ. 10 ಗ್ರಾಂ ಒತ್ತಡ ಬಿದ್ದಾಗ ಎಳೆ ಬಾಗುತ್ತದೆ. ಮುಟ್ಟಿದ್ದು ಗೊತ್ತಾದರೆ ರೋಗಿ "ಹೂಂ" ಅನ್ನಬೇಕು. ಗೊತ್ತಾಗದ ಜಾಗದಲ್ಲಿ ಚಪ್ಪಲಿಯೊಳಗೆ ಕಲ್ಲು ಸೇರಿಕೊಂಡರೂ ಅವರಿಗೆ ತಿಳಿಯೋದಿಲ್ಲ. ನೋವಿಲ್ಲ, ಸೂಜಿ ಇಲ್ಲ, ರಕ್ತ ಇಲ್ಲ.

ಮಧ್ಯಾಹ್ನ ಕ್ಲಿನಿಕ್ ಬಾಗಿಲು ಹಾಕಿದ ಮೇಲೆ ಶೂಟ್ ಮಾಡಿದೆವು. ರೋಗಿಗಳ ಮುಖ ಬೇಡವೆಂದು ನಮ್ಮ ಚಿಕ್ಕಪ್ಪನನ್ನು ಕೂರಿಸಿದೆ. ಅವರಿಗೂ ಶುಗರ್ ಇದೆ. ಫ್ಯಾನ್ ನಿಲ್ಲಿಸಿ, ಡಾಕ್ಟರಮ್ಮನ ಕಾಲರ್‌ಗೆ ಮೈಕ್ ಸಿಕ್ಕಿಸಿದೆ. ಎಳೆ ಬಾಗುವುದನ್ನು ಹತ್ತಿರದಿಂದ ಹಿಡಿದೆ. ಐದನೇ ಜಾಗದಲ್ಲಿ ಚಿಕ್ಕಪ್ಪ "ಹೂಂ" ಅನ್ನಲಿಲ್ಲ. ನಟನೆ ಅಂದುಕೊಂಡೆ, ಅಲ್ಲವಂತೆ. ಆ ತುಣುಕನ್ನು ಬಳಸಲಿಲ್ಲ. ಅದು ಅವರ ವಿಷಯ, ಬೀದಿಯದಲ್ಲ.

ಎಡಿಟ್ ಮಾಡುವಾಗ ಮತ್ತೆ ಎಡವಿದೆ. ಮಾತಿನಲ್ಲಿ ಎಲ್ಲೂ ಉತ್ಪ್ರೇಕ್ಷೆ ಇರಲಿಲ್ಲ. ಡಾಕ್ಟರಮ್ಮ "ಶುಗರ್ ಹತೋಟಿಯಲ್ಲಿಡಬಹುದು" ಎಂದಷ್ಟೇ ಹೇಳಿದ್ದರು. ಆದರೆ ಶುರುವಿನಲ್ಲಿ ಗ್ಲುಕೋಮೀಟರ್‌ನಲ್ಲಿ 286 ತೋರಿಸಿ, ಕೊನೆಯಲ್ಲಿ 112 ತೋರಿಸಿದ್ದೆ. ಮೊದಲ ದೃಶ್ಯದ ಬಣ್ಣ ಮಂಕು, ಕೊನೆಯದು ಹೊಳಪು. ಜೊತೆಗೆ ಏರುತ್ತಾ ಹೋಗುವ ಕೊಳಲು. ಎಲ್ಲ ಮದುವೆ ವಿಡಿಯೋದ ಅಭ್ಯಾಸ!

ಕಳಿಸುವ ಮುಂಚೆ ಬೀದಿಯ ಐದು ಜನಕ್ಕೆ ತೋರಿಸಿದೆ. "ಚೆನ್ನಾಗಿದೆಯಾ?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಾರೆ. ಅದಕ್ಕೇ "ಏನು ಹೇಳ್ತಿದೆ ಇದು?" ಅಂತ ಕೇಳಿದೆ. ಹೂವಿನಂಗಡಿಯ ಅಜ್ಜಿ, "ಈ ಅಮ್ಮನ ಹತ್ರ ಹೋದ್ರೆ ಶುಗರ್ ಇಳಿದೋಗ್ತದಂತೆ" ಎಂದರು. ಇನ್ನಿಬ್ಬರೂ ಹೆಚ್ಚುಕಮ್ಮಿ ಅದನ್ನೇ ಹೇಳಿದರು. ನಾವು ಹೇಳದ ಮಾತನ್ನು ಆ ಎರಡು ಅಂಕಿ ಹೇಳಿಬಿಟ್ಟಿದ್ದವು.

ಎರಡು ಅಂಕಿಯನ್ನೂ ತೆಗೆದೆ. ಪೂರ್ತಿ ವಿಡಿಯೋಗೆ ಒಂದೇ ಬಣ್ಣ ಇಟ್ಟೆ. ಕೊಳಲು ತೆಗೆದು ಕ್ಲಿನಿಕ್‌ನ ಸದ್ದನ್ನೇ ಬಿಟ್ಟೆ: ಕುರ್ಚಿ ಎಳೆಯೋದು, ಚಿಕ್ಕಪ್ಪನ "ಹೂಂ". ಸದ್ದಿಲ್ಲದೆ ನೋಡುವವರೇ ಜಾಸ್ತಿ ಅಲ್ವಾ, ಅದಕ್ಕೆ ಮಾತುಗಳನ್ನೆಲ್ಲ ದಪ್ಪ ಅಕ್ಷರದಲ್ಲಿ ಕೆಳಗೆ ಹಾಕಿದೆ. 95 ಸೆಕೆಂಡ್ ಇದ್ದದ್ದು 70ಕ್ಕೆ ಇಳಿಯಿತು. ಮತ್ತೆ ತೋರಿಸಿದಾಗ ಅಜ್ಜಿ ಹೇಳಿದ್ದು: "ಕಾಲಿಗೆ ದಾರ ಚುಚ್ಚಿ ನೋಡ್ತಾರೆ, ನೋಯಲ್ವಂತೆ." ಚುಚ್ಚೋದಿಲ್ಲ, ಒತ್ತುತ್ತಾರೆ. ಡಾಕ್ಟರಮ್ಮನಿಂದ ಆ ಒಂದು ಸಾಲನ್ನು ಮತ್ತೆ ಹೇಳಿಸಿದೆ.

ಒಂದು ಸಾಲು ಡಾಕ್ಟರಮ್ಮ ತಾವೇ ಸೇರಿಸಿದರು: "ಎದೆನೋವು ಬಂದರೆ ಇಲ್ಲಿಗೆ ಬಂದು ಹೊತ್ತು ಕಳೆಯಬೇಡಿ, 108ಕ್ಕೆ ಫೋನ್ ಮಾಡಿ." ಜಾಹೀರಾತಿನಲ್ಲಿ "ಬರಬೇಡಿ" ಅಂತ ಹಾಕೋದಾ ಅಂತ ನಾನು ಗೊಣಗಿದೆ. ಅವರು ಬಿಡಲಿಲ್ಲ.

ಸಮಯ, ಫೀಸು ಬರೆದ ಕೊನೆಯ ಐದು ಸೆಕೆಂಡಿನ ಚಿತ್ರವನ್ನು ಬೇರೆ ಫೈಲ್ ಆಗಿ ಇಟ್ಟುಕೊಂಡೆ. ಒಳ್ಳೆಯದೇ ಆಯಿತು. ನಾಲ್ಕು ತಿಂಗಳಿಗೆ ಫೀಸು 150ರಿಂದ 200 ರೂಪಾಯಿ ಆಯಿತು. ಅದೊಂದನ್ನು ಬದಲಿಸಿ ಕೊಟ್ಟೆ. ಹಳೇ ವಿಡಿಯೋ ಮಾತ್ರ ಇನ್ನೂ ಕೆಲವು ಗುಂಪುಗಳಲ್ಲಿ ಓಡಾಡುತ್ತಿದೆ. ಅದನ್ನು ತೋರಿಸಿ 150 ಕೊಡುವವರಿಂದ ಡಾಕ್ಟರಮ್ಮ 150 ರೂಪಾಯಿಯನ್ನೇ ತೆಗೆದುಕೊಳ್ಳುತ್ತಾರೆ.