ಮೇಲ್ಮನವಿಯ ಸಂಗತಿಗಳನ್ನು ನಾನು ಹಿಂದಿನಿಂದ ಬರೆಯುವುದು

ವಿರಾಜಪೇಟೆ ಕಡೆಯ ಕಾಫಿ ತೋಟವೊಂದರ ನಿರ್ಬಂಧಕಾಜ್ಞೆ ದಾವೆ ವಜಾ ಆಗಿ, ವಾದಿಯ ಮೇಲ್ಮನವಿ ನನ್ನ ಬಳಿ ಬಂತು. ಪಹಣಿಯಲ್ಲಿ ಪಟ್ಟೇದಾರರಾದ ಅವರ ದೊಡ್ಡಪ್ಪನ ಹೆಸರಿತ್ತು. ಕೊಡಗಿನ ಕುಟುಂಬಗಳು ವಂಶಪಾರಂಪರ್ಯವಾಗಿ ಹೊಂದಿರುವ ಜಮ್ಮಾ ಜಾಗಗಳಲ್ಲಿ ಹೀಗೆ ಕುಟುಂಬದ ಪರವಾಗಿ ಪಟ್ಟೇದಾರರ ಹೆಸರಿರುವುದು ಹೊಸದಲ್ಲ. ಆದರೆ ವಾದಿಯ ಹೆಸರಿಲ್ಲದ ಕಾರಣಕ್ಕೇ ಸ್ವಾಧೀನ ಸಾಬೀತಾಗಿಲ್ಲ ಎಂದು ವಿಚಾರಣಾ ನ್ಯಾಯಾಲಯ ಹೇಳಿತ್ತು. ಪ್ರತಿವಾದಿ ಪಕ್ಕದ ತೋಟದವರು, ಬೇರೆ ಕುಟುಂಬ.

ನಾನು ಸಂಗತಿಗಳಿಗೆ ಮೊದಲು ಕೈ ಹಾಕುವುದಿಲ್ಲ. ತೀರ್ಪಿನಲ್ಲಿ ನಮಗೆ ಪೆಟ್ಟು ಕೊಟ್ಟ ಕಂಡಿಕೆ ಯಾವುದೆಂದು ಗುರುತಿಸಿ, ಅದಕ್ಕೆ ಉತ್ತರ ಕೊಡುವ ಸಾಲು ದಾಖಲೆಯ ಯಾವ ಪುಟದಲ್ಲಿದೆ ಎಂದು ಹುಡುಕುತ್ತೇನೆ. ಇಲ್ಲಿ ಅದು ಪ್ರತಿವಾದಿಯ ಪಾಟೀ ಸವಾಲಿನಲ್ಲಿತ್ತು: 'ದಾವಾ ಜಾಗದ ಕಾಫಿಯನ್ನು ವಾದಿಯೇ ಕೊಯ್ಯಿಸುತ್ತಿದ್ದಾರೆ ಎಂದರೆ ಸರಿ.' ಮುಂದಿನ ಸಾಲು ನಮಗೆ ವಿರುದ್ಧ: 'ನಮ್ಮ ಅನುಮತಿಯ ಮೇಲೆ ಕೊಯ್ಯಿಸುತ್ತಾರೆ.' ಎರಡನ್ನೂ ಸಂಗತಿಗಳಲ್ಲಿ ಇದ್ದ ಹಾಗೇ ಬರೆದೆ. ಒಂದನ್ನು ಬಿಟ್ಟಿದ್ದರೆ ಎದುರು ವಕೀಲರು ಅದನ್ನೇ ಮೊದಲು ಓದುತ್ತಿದ್ದರು. ಅಲ್ಲದೆ, ಬಿಡಬೇಕಾದ ಅಗತ್ಯವೂ ಇರಲಿಲ್ಲ. ಅನುಮತಿಯ ಮಾತು ಪ್ರತಿವಾದಿಯ ಲಿಖಿತ ಹೇಳಿಕೆಯಲ್ಲಿ ಎಲ್ಲೂ ಇಲ್ಲ. ಅಲ್ಲಿ ಅವರು ವಾದಿಯ ಸ್ವಾಧೀನವನ್ನೇ ಅಲ್ಲಗಳೆದಿದ್ದರು. ಆದ್ದರಿಂದ ಸಂಗತಿಗಳ ಕ್ರಮ ಹೀಗಾಯಿತು: ಲಿಖಿತ ಹೇಳಿಕೆಯ ಆ ಅಲ್ಲಗಳೆತ, ಸ್ವಾಧೀನದ ವಿವಾದಾಂಶ, ಪಹಣಿ, ಪಾಟೀ ಸವಾಲಿನ ಎರಡು ಸಾಲು, ಕೊನೆಗೆ ಆ ಸಾಲುಗಳ ಪ್ರಸ್ತಾಪವೇ ಇಲ್ಲದ ತೀರ್ಪಿನ ಕಂಡಿಕೆ. ಪ್ರತಿಯೊಂದಕ್ಕೂ ನಿಶಾನೆ ಸಂಖ್ಯೆಯನ್ನೋ ಪುಟ ಸಂಖ್ಯೆಯನ್ನೋ ಕೊಟ್ಟೆ.

ಆಮೇಲೆ ಮೇಲ್ಮನವಿಯ ಆಧಾರಗಳು, ಅಂದರೆ ತೀರ್ಪು ಏಕೆ ತಪ್ಪು ಎಂಬ ಕಾರಣಗಳು, ತಾವಾಗಿ ಬಂದವು. ಸ್ವಾಧೀನದ ಒಪ್ಪಿಗೆಯನ್ನು ಪರಿಗಣಿಸಿಲ್ಲ. ಅನುಮತಿಯ ಮಾತಿಗೆ ಪ್ಲೀಡಿಂಗ್ ಇಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮದ 133ನೇ ಕಲಂ ಪಹಣಿಗೆ ಕೊಡುವುದು ಅಲ್ಲಗಳೆಯಬಹುದಾದ ಪೂರ್ವಭಾವನೆ ಮಾತ್ರ, ಇಲ್ಲಿ ಪ್ರತಿವಾದಿಯ ಒಪ್ಪಿಗೆಯೇ ಅದನ್ನು ಅಲ್ಲಗಳೆದಿದೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 1 ಆಧಾರಗಳನ್ನು ವಾದವಾಗಲೀ ಕಥನವಾಗಲೀ ಇಲ್ಲದೆ ಚುಟುಕಾಗಿ, ಕ್ರಮಸಂಖ್ಯೆ ಹಾಕಿ ಬರೆಯಿರಿ ಎನ್ನುತ್ತದೆ. ಹಾಗಾಗಿ ಕಥೆಯ ಭಾರವನ್ನೆಲ್ಲ ಸಂಗತಿಗಳ ಭಾಗ ಹೊರಬೇಕು. ಆದರೆ ಅಲ್ಲಿ 'ತಪ್ಪಾಗಿ', 'ಅನ್ಯಾಯವಾಗಿ' ಎಂಬ ಪದ ಕಂಡರೆ ನಾನು ಹೊಡೆದುಹಾಕುತ್ತೇನೆ, ಅದು ಆಧಾರದ ಭಾಷೆ. 'ವಾದಿ ಸ್ವಾಧೀನದಲ್ಲಿದ್ದರು' ಎಂದೂ ಬರೆಯುವುದಿಲ್ಲ. ವಾದಪತ್ರ ಹೇಳಿದ್ದು, ಸಾಕ್ಷಿ ಹೇಳಿದ್ದು, ನ್ಯಾಯಾಲಯ ಕಂಡುಕೊಂಡದ್ದು ಮೂರೂ ಬೇರೆ. ಯಾರು ಹೇಳಿದ್ದೆಂದು ವಾಕ್ಯದಲ್ಲೇ ಇರಬೇಕು.

ಕಕ್ಷಿದಾರರು ಮನೆಯಿಂದ ಕೊಯ್ಲಿನ ಕೂಲಿ ಲೆಕ್ಕದ ಪುಸ್ತಕ ತಂದಿದ್ದರು. 'ಇದನ್ನೂ ಸೇರಿಸಿ ಸಾರ್' ಎಂದರು. ವಿಚಾರಣೆಯಲ್ಲಿ ಹಾಜರಾಗದ ಪುಸ್ತಕವದು, ಸಂಗತಿಗಳಲ್ಲಿ ಅದಕ್ಕೆ ಜಾಗವಿಲ್ಲ. ನಿಯಮ 27ರ ಪ್ರತ್ಯೇಕ ಅರ್ಜಿ ಹಾಕಬಹುದು. ಆದರೆ ತಕ್ಕ ಎಚ್ಚರ ವಹಿಸಿದರೂ ಆಗ ತರಲಾಗಲಿಲ್ಲ ಎಂದು ತೋರಿಸಬೇಕು. ಮನೆಯ ಬೀರುವಿನಲ್ಲೇ ಇದ್ದ ಪುಸ್ತಕಕ್ಕೆ ಆ ಮಾತು ಹೊಂದುವುದಿಲ್ಲ ಎಂದು ಹೇಳಿ ವಾಪಸ್ ಕೊಟ್ಟೆ.

ಸಲ್ಲಿಸುವ ಮೊದಲು ಪ್ರತಿ ಆಧಾರದ ಅಂಚಿನಲ್ಲಿ ಪೆನ್ಸಿಲಿನಿಂದ ಸಂಗತಿಯ ಕಂಡಿಕೆ ಸಂಖ್ಯೆ ಬರೆದೆ. ತೋಟದಲ್ಲಿ ಕಡಿದ ಸಿಲ್ವರ್ ಓಕ್ ಮರಗಳ ಕಂಡಿಕೆಗೆ ಯಾವ ಆಧಾರವೂ ಸಿಗಲಿಲ್ಲ, ತೆಗೆದುಹಾಕಿದೆ.